ಕಥೆ: ತಾತ ಮನೆಗೆ ಬಂದ ಮೊದಲ ವಾರ. ಓದಿ, ತಪ್ಪಿದ್ದರೆ ಹೇಳಿ

ತೆಂಗಿನಗರಿ

ಹೋದ ವರ್ಷ ನಮ್ಮ ತಾತನಿಗೆ ಬೈಪಾಸ್ ಆಯ್ತು. ಆಗ ನಾನು ಒಂದು ವಾರ ರಜೆ ಹಾಕಿ ಊರಲ್ಲಿದ್ದೆ. ಅದನ್ನೇ ಸ್ವಲ್ಪ ಕಥೆ ಮಾಡಿ ಬರೆದಿದ್ದೇನೆ. ಕಥೆ ಅಂತ ಓದಿ, ಆದರೆ ಮನೆಯಲ್ಲಿ ಇಂಥವರು ಇರುವವರು ಇದನ್ನು ನಂಬಿ ನಡೆಯಬಹುದು ಅಲ್ವಾ, ಅದಕ್ಕೆ ಆಸ್ಪತ್ರೆಯ ವಿಷಯ ತಪ್ಪಾಗಿದ್ದರೆ ತಿದ್ದಿ.

ಆಪರೇಷನ್ ಆಗಿ ಎಂಟನೇ ದಿನ ತಾತ ಮನೆಗೆ ಬಂದರು. ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಬೆಲ್ಟ್ ಮತ್ತು ಎದೆಯ ನಡುವೆ ಒಂದು ಮಡಚಿದ ಟವೆಲ್. ತಿಪಟೂರು ದಾಟಿ ನಮ್ಮೂರ ಕಡೆ ತಿರುಗಿದ ಮೇಲೆ ಗುಂಡಿ ಬಂದಾಗಲೆಲ್ಲ ಅದನ್ನು ಎರಡೂ ಕೈಯಲ್ಲಿ ಅಪ್ಪಿಕೊಳ್ಳುತ್ತಿದ್ದರು.

ಅಂದು ಸಂಜೆ ಮೂತ್ರಕ್ಕೆ ಏಳಬೇಕಾಯಿತು. ನಾನು ಬೆನ್ನ ಹಿಂದೆ ನಿಂತು ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದೆ. ತಾತ ಕಿರುಚಲಿಲ್ಲ. ಬಾಯಿ ತೆರೆದರು, ಸದ್ದು ಬರಲಿಲ್ಲ. ಹಣೆಯ ಮೇಲೆ ಬೆವರು ಮೂಡಿತು. ಸುಧಾರಿಸಿಕೊಂಡು ಅಂದರು, "ಲೇ, ನಾನು ಕೊಬ್ಬರಿ ಮೂಟೆ ಅಲ್ಲ ಕಣೋ."

ಆಸ್ಪತ್ರೆಯಲ್ಲಿ ಫಿಸಿಯೋ ಹುಡುಗಿ ತೋರಿಸಿಕೊಟ್ಟಿದ್ದಳು, ನಾನು ಫೋನ್ ನೋಡುತ್ತಿದ್ದೆ. ತಾತ ಮರೆತಿರಲಿಲ್ಲ. ಮಲಗಿದ್ದ ಹಾಗೇ ಮೊಣಕಾಲು ಮಡಿಸಿದರು. ಟವೆಲ್ ಎದೆಗೆ ಅಪ್ಪಿಕೊಂಡರು. ಮರದ ದಿಮ್ಮಿ ಉರುಳಿದ ಹಾಗೆ ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿದರು. ಕಾಲು ಮಂಚದಿಂದ ಕೆಳಗೆ ಬಿಟ್ಟರು. ಕಾಲಿನ ಭಾರಕ್ಕೆ ಮೈ ತಾನೇ ಮೇಲೆ ಬಂತು, ನಾನು ಹೆಗಲ ಹಿಂದೆ ಅಂಗೈ ಇಟ್ಟೆ, ಅಷ್ಟೇ. ಎದೆಮೂಳೆಯನ್ನು ಉದ್ದಕ್ಕೆ ಕತ್ತರಿಸಿ, ಕೆಲಸ ಮುಗಿದ ಮೇಲೆ ಉಕ್ಕಿನ ತಂತಿಯಲ್ಲಿ ಬಿಗಿದಿದ್ದಾರೆ. ಮೂಳೆ ಕೂಡಿಕೊಳ್ಳುವುದಕ್ಕೆ ಆರರಿಂದ ಎಂಟು ವಾರ ಬೇಕು, ಪೂರ್ತಿ ಗಟ್ಟಿಯಾಗುವುದಕ್ಕೆ ಮೂರು ತಿಂಗಳು. ಅಲ್ಲಿಯವರೆಗೆ ತೋಳು ಹಿಡಿದು ಎಳೆದರೆ ಆ ಎಳೆತ ನೇರವಾಗಿ ತಂತಿಗೆ ಹೋಗುತ್ತದೆ. ಇದನ್ನು ನನಗೆ ತಾತನೇ ಹೇಳಿದರು.

ಎರಡನೇ ದಿನ ಉಸಿರಾಟದ ವ್ಯಾಯಾಮಕ್ಕೆ ಕೊಟ್ಟ ಮೂರು ಚೆಂಡಿನ ಡಬ್ಬಿ ಹೊರಗೆ ಬಂತು. ತಾತ ಅದರ ಕೊಳವೆಗೆ ಜೋರಾಗಿ ಊದಿದರು. ಚೆಂಡು ಅಲ್ಲಾಡಲಿಲ್ಲ. "ಕೆಟ್ಟೋಗಿದೆ" ಅಂದರು. ಊದುವುದಲ್ಲ ಎಳೆಯುವುದು, ಬೀಡಿ ಎಳೆದ ಹಾಗೆ, ಅಂತ ಅಜ್ಜಿ ಅಂದಳು. ಒಂದು ಚೆಂಡು ನಿಧಾನ ಮೇಲೆ ಹೋಗಿ ನಿಂತಿತು. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ. ಎಳೆದಾದ ಮೇಲೆ ಕೆಮ್ಮು ಬರುತ್ತಿತ್ತು, ಕೆಮ್ಮು ಬಂದ ಮೇಲೆ ತಾತ ಟವೆಲ್ ಹುಡುಕುತ್ತಿದ್ದರು. ನೋವು ಅಷ್ಟೇನಿಲ್ಲ ಅಂತ ನೋವಿನ ಮಾತ್ರೆ ಬಿಟ್ಟರು. ಗಟ್ಟಿ ಜೀವ.

ಮೂರನೇ ದಿನ ಅಂಗಳದಲ್ಲಿ ಐದೈದು ನಿಮಿಷ, ನಾಲ್ಕು ಸಲ ನಡೆದರು. ನಡೆಯುತ್ತಾ ನನ್ನ ಜೊತೆ ಮಾತಾಡಬೇಕು ಅನ್ನುವುದು ಲೆಕ್ಕ. ಮಾತು ಕಡಿದರೆ ನಿಲ್ಲಬೇಕು. ಬೈಪಾಸಿಗೆ ಅಂತ ಎಡಗಾಲಿನಿಂದ ರಕ್ತನಾಳ ತೆಗೆದಿದ್ದರು, ಆ ಕಾಲು ಸಂಜೆಗೆ ಊದುತ್ತಿತ್ತು, ಪಾದದ ಒಳಪಕ್ಕ ಜೋಮು. ಅಜ್ಜಿ ಗಾಯಕ್ಕೆ ಅರಿಶಿನ ಕಲಸಿಕೊಂಡು ಬಂದಳು. ನಾನು ತಟ್ಟೆ ಕಿತ್ತುಕೊಂಡೆ. ಇಬ್ಬರೂ ಆ ದಿನ ಮಾತಾಡಲಿಲ್ಲ.

ನಾಲ್ಕನೇ ರಾತ್ರಿ ತಾತ ಅತ್ತರು. ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. ಕಣ್ಣು ಮುಚ್ಚಿದರೆ ತೋಟಕ್ಕೆ ನೀರು ನುಗ್ಗುವ ಕನಸಂತೆ. ಊಟ ಬಾಯಿಗೆ ಕಬ್ಬಿಣದ ರುಚಿ. "ಇಷ್ಟಕ್ಕೆ ಯಾಕೆ ಎದೆ ಕೊಯ್ಸಿಕೊಂಡೆ" ಅಂದರು. ನನಗೆ ಏನು ಹೇಳಬೇಕೋ ಗೊತ್ತಾಗದೆ ಕಾಲಿನ ಕೆಳಗೆ ಇನ್ನೊಂದು ದಿಂಬು ಇಟ್ಟೆ.

ಐದನೇ ದಿನ ಬೆಳಿಗ್ಗೆ ತೂಕ ನೋಡಿದೆ. ದಿನಾ ಬರೆಯುತ್ತಿದ್ದ ನೋಟ್ ಬುಕ್ಕಿನಲ್ಲಿ ಹೀಗಿತ್ತು: 62.4, 62.2, 62.5, 63.1. ಈಗ 64.6. ಮಿಷನ್ ಸರಿಯಿಲ್ಲ ಅಂದುಕೊಂಡು ನಾನೇ ಹತ್ತಿ ನೋಡಿದೆ, ನನ್ನ ತೂಕ ಸರಿಯಾಗಿಯೇ ಇತ್ತು. ಉಣ್ಣದ ಮನುಷ್ಯ ಒಂದು ರಾತ್ರಿಯಲ್ಲಿ ಒಂದೂವರೆ ಕೆಜಿ ದಪ್ಪ ಆಗುವುದು ಹೇಗೆ? ಆಮೇಲೆ ಕಣ್ಣಿಗೆ ಬಿತ್ತು. ಊತ ಎರಡೂ ಕಾಲಿಗೆ ಬಂದಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ರಾತ್ರಿ ಮಲಗಲಾಗದೆ ಕುರ್ಚಿಯಲ್ಲೇ ಕೂತು ತೂಕಡಿಸಿದ್ದರಂತೆ, ನನ್ನನ್ನು ಎಬ್ಬಿಸಿರಲಿಲ್ಲ.

ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿ ಒಂದು ದಿನಕ್ಕೆ ಒಂದು ಕೆಜಿಗಿಂತ ಜಾಸ್ತಿ, ವಾರಕ್ಕೆ ಎರಡು ಕೆಜಿಗಿಂತ ಜಾಸ್ತಿ ಏರಿದರೆ ಫೋನ್ ಮಾಡಿ ಅಂತ ಇತ್ತು. ಮಾಡಿದೆ. ಆಗಲೇ ಕರೆದುಕೊಂಡು ಬನ್ನಿ ಅಂದರು. ಎಕ್ಸ್‌ರೇ, ಇಸಿಜಿ, ರಕ್ತಪರೀಕ್ಷೆ ಆಯ್ತು. ಮೈಯಲ್ಲಿ ನೀರು ನಿಂತಿತ್ತು, ಎಡ ಶ್ವಾಸಕೋಶದ ಸುತ್ತಲೂ ಸ್ವಲ್ಪ. ನೀರು ಇಳಿಸುವ ಮಾತ್ರೆ ಹೆಚ್ಚು ಮಾಡಿ ಸಂಜೆಗೆ ಮನೆಗೆ ಕಳಿಸಿದರು.

ದಾರಿಯಲ್ಲಿ ಅಜ್ಜಿ ಬಾಯಿಬಿಟ್ಟಳು. ನಾಲಿಗೆಗೆ ರುಚಿ ಇಲ್ಲ ಅಂದರಲ್ಲ, ಪಾಪ ಅಂತ, ಮೂರು ದಿನದಿಂದ ಗಂಜಿಯ ತಳಕ್ಕೆ ಮಾವಿನಕಾಯಿ ಉಪ್ಪಿನಕಾಯಿಯ ರಸ ಹಾಕುತ್ತಿದ್ದಳಂತೆ.

ಆರನೇ ದಿನ 63.6. ಏಳನೇ ದಿನ 62.9. ತಾತ ಚಾವಡಿಯಲ್ಲಿ ಕೂತು ಚೆಂಡಿನ ಡಬ್ಬಿ ಎಳೆದರು. ಎರಡನೇ ಚೆಂಡು ಅರ್ಧದವರೆಗೆ ಹೋಯಿತು.

ಕಟ್ಟೆಪುರಾಣ

ಕೊಬ್ಬರಿ ಮೂಟೆ ಮಾತು ತುಂಬಾ ಹಿಡಿಸ್ತು. ನಮ್ಮ ಕಡೆಯವರೇ ನೀವು. ಒಂದೇ ತಕರಾರು: "ಇದನ್ನು ನನಗೆ ತಾತನೇ ಹೇಳಿದರು" ಅಂತ ಮೂಳೆ, ತಂತಿ, ವಾರದ ಲೆಕ್ಕ ಎಲ್ಲ ಒಂದೇ ಉಸಿರಿಗೆ ಸುರಿದಿದ್ದೀರಿ. ತಾತ ಅಷ್ಟು ಮಾತಾಡ್ತಾರಾ?

ತೆಂಗಿನಗರಿ

ಹ್ಹ, ಸಿಕ್ಕಿಬಿದ್ದೆ. ತಾತ ಅಂದಿದ್ದು "ತಂತಿ ಕಟ್ಟವ್ರೆ ಕಣೋ" ಅಂತ ಮಾತ್ರ.

ನೈಟ್ ಡ್ಯೂಟಿ ಸಿಸ್ಟರ್

ಹೃದಯ ಶಸ್ತ್ರಚಿಕಿತ್ಸೆಯ ಐಸಿಯು ಮತ್ತು ವಾರ್ಡಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಕಂಕುಳಿಗೆ ಕೈ ಹಾಕಿ ಎತ್ತುವುದು ಮನೆಯವರೆಲ್ಲರೂ ಮೊದಲ ದಿನ ಮಾಡುವ ತಪ್ಪು, ಅದನ್ನು ಬರೆದಿದ್ದು ಒಳ್ಳೇದಾಯ್ತು. ಆದರೆ ಎರಡು ಕಡೆ ತಿದ್ದಬೇಕು.

ಟವೆಲ್ ಕೆಮ್ಮು ಬಂದ ಮೇಲೆ ಹುಡುಕುವುದಲ್ಲ. ಕೆಮ್ಮು ಗಂಟಲಲ್ಲಿ ಕಚಗುಳಿ ಇಡುವಾಗಲೇ ಎದೆಗೆ ಬಿಗಿಯಾಗಿ ಒತ್ತಿಕೊಂಡು, ಆಮೇಲೆ ಕೆಮ್ಮಬೇಕು. ಸೀನಿಗೂ ಹಾಗೇ. ಟವೆಲ್ ಕೈಗೆ ಸಿಗುವ ಜಾಗದಲ್ಲೇ ಇರಬೇಕು.

ಇನ್ನೊಂದು, ನೋವಿನ ಮಾತ್ರೆ ಬಿಟ್ಟದ್ದನ್ನು "ಗಟ್ಟಿ ಜೀವ" ಅಂತ ಹೊಗಳಿದ್ದೀರಿ. ಅದು ಬೇಡ. ನೋವಿದ್ದರೆ ಮನುಷ್ಯ ಮೇಲೆಮೇಲೆ ಉಸಿರಾಡುತ್ತಾನೆ. ಕೆಮ್ಮನ್ನು ನುಂಗುತ್ತಾನೆ. ಶ್ವಾಸಕೋಶದ ತಳ ಬಿಚ್ಚಿಕೊಳ್ಳುವುದಿಲ್ಲ, ಕಫ ಕೂತುಬಿಡುತ್ತದೆ, ಜ್ವರ ಬರುತ್ತದೆ. ಮೊದಲ ಒಂದೆರಡು ವಾರ ಪ್ಯಾರಾಸಿಟಮಾಲ್ ಬರೆದುಕೊಟ್ಟ ಹೊತ್ತಿಗೆ ತಗೊಂಡು, ಅರ್ಧ ಗಂಟೆ ಬಿಟ್ಟು ಚೆಂಡಿನ ಡಬ್ಬಿ ಹಿಡಿದರೆ ನೋಡಿ, ಚೆಂಡು ಎಷ್ಟು ಮೇಲೆ ಹೋಗುತ್ತೆ ಅಂತ. ನಿಮ್ಮ ತಾತನ ಒಂದೇ ಚೆಂಡು ಏರಿದ್ದಕ್ಕೆ ಅದೂ ಕಾರಣ ಇರಬಹುದು.

ಹಳೇ ಜಾವಾ

ನೋವಿಗೆ ಪ್ಯಾರಾಸಿಟಮಾಲ್ ಎಲ್ಲಿ ಸಾಕಾಗುತ್ತೆ ಸಿಸ್ಟರ್? ಮೆಡಿಕಲ್ ಸ್ಟೋರಲ್ಲಿ ಡೈಕ್ಲೋಫೆನಾಕ್ ಸಿಗುತ್ತಲ್ಲ, ಅದು ಕೊಡಿ. ಇನ್ನೊಂದು ಮಾತು, ಎಂಟು ದಿನಕ್ಕೇ ಮುದುಕರನ್ನು ಅಂಗಳದಲ್ಲಿ ನಡೆಸೋದಾ? ನಮ್ಮ ಮಾವನಿಗೆ ಬೈಪಾಸ್ ಆದಾಗ ಮೂರು ತಿಂಗಳು ಮಂಚ ಬಿಟ್ಟು ಇಳಿಸಿಲ್ಲ. ಎದೆಮೂಳೆ ಕೂಡೋ ತನಕ ಭಾರ ಬೀಳಬಾರದು.

ನೈಟ್ ಡ್ಯೂಟಿ ಸಿಸ್ಟರ್

ಎದೆಗೆ ಭಾರ ಬೀಳಬಾರದು ಅನ್ನುವುದು ಸರಿ ಸರ್. ಆದರೆ ನಡೆಯುವಾಗ ಭಾರ ಬೀಳುವುದು ಕಾಲಿಗೆ. ಆಸ್ಪತ್ರೆಯಲ್ಲೇ ಒಂದೆರಡು ದಿನಕ್ಕೆ ಎಬ್ಬಿಸಿ ನಡೆಸಲು ಶುರು ಮಾಡುತ್ತೇವೆ. ಮಲಗಿಸಿಯೇ ಇಟ್ಟರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ನ್ಯುಮೋನಿಯಾ ಆಗಬಹುದು, ತೊಡೆಯ ಬಲ ಹೋಗುತ್ತದೆ. ತೊಡೆಯ ಬಲ ಹೋದರೆ ಏಳುವಾಗ ಕೈ ಊರುತ್ತಾರೆ, ಆಗ ನೀವು ಹೆದರುವ ಆ ಭಾರ ನಿಜವಾಗಿ ಎದೆಗೇ ಬೀಳುತ್ತದೆ.

ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ಮಾತ್ರೆಗಳನ್ನು ಬೈಪಾಸ್ ಆದವರಿಗೆ ಅಂಗಡಿಯಿಂದ ತಂದು ಕೊಡಲೇಬೇಡಿ. ಮೈಯಲ್ಲಿ ನೀರು ನಿಲ್ಲಿಸುತ್ತವೆ, ಕಿಡ್ನಿಗೆ ಕಷ್ಟ, ಹೃದಯಕ್ಕೂ ಒಳ್ಳೇದಲ್ಲ. ಪ್ಯಾರಾಸಿಟಮಾಲ್ ಸಾಕಾಗದಿದ್ದರೆ ಡಾಕ್ಟರ್ ಬೇರೆ ಬರೆದುಕೊಡುತ್ತಾರೆ.

ಸಬ್ಬಸಿಗೆ

ಕಥೆ ಚೆನ್ನಾಗಿದೆ. ನಮ್ಮಮ್ಮನಿಗೂ ಹಾರ್ಟ್ ಆಪರೇಷನ್ ಆಗಿದೆ. ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಹೇಳಿದ್ದು ಸೊಪ್ಪಿನ ವಿಷಯ. ಪಾಲಕ್, ಮೆಂತ್ಯ ಒಂದೇ ಸಲಕ್ಕೆ ಜಾಸ್ತಿ ತಿಂದರೆ ರಕ್ತ ತೆಳು ಮಾಡುವ ಮಾತ್ರೆ ಕೆಲಸ ಮಾಡಲ್ಲ. ರಕ್ತ ಎಷ್ಟು ತೆಳುವಾಗಿದೆ ಅಂತ ನೋಡೋಕೆ ತಿಂಗಳಿಗೊಮ್ಮೆ ಐಎನ್‌ಆರ್ ಟೆಸ್ಟ್. ನಿಮ್ಮ ಕಥೆಯಲ್ಲಿ ಅದು ಬಿಟ್ಟೇ ಹೋಗಿದೆ.

ನೈಟ್ ಡ್ಯೂಟಿ ಸಿಸ್ಟರ್

ನಿಮ್ಮಮ್ಮನಿಗೆ ಆಗಿದ್ದು ವಾಲ್ವ್ ಬದಲಾಯಿಸಿದ ಆಪರೇಷನ್ ಇರಬೇಕು ಅಲ್ವಾ? ಮಾತ್ರೆ ವಾರ್ಫರಿನ್ ಅಥವಾ ಅಸಿಟ್ರೋಮ್?

ಸಬ್ಬಸಿಗೆ

ಹೌದು, ಅಸಿಟ್ರೋಮ್. ವಾಲ್ವ್. ಎರಡೂ ಒಂದೇ ಅಲ್ವಾ, ಎದೆ ತೆರೆಯೋದು?

ನೈಟ್ ಡ್ಯೂಟಿ ಸಿಸ್ಟರ್

ಎದೆ ತೆರೆಯೋದು ಒಂದೇ, ಮೂಳೆಯ ಜಾಗ್ರತೆಯೂ ಒಂದೇ. ಮಾತ್ರೆ ಬೇರೆ. ಬೈಪಾಸ್ ಆದವರಿಗೆ ಸಾಮಾನ್ಯವಾಗಿ ಆಸ್ಪಿರಿನ್ ಇರುತ್ತದೆ, ಕೆಲವರಿಗೆ ಜೊತೆಗೆ ಕ್ಲೋಪಿಡೋಗ್ರೆಲ್. ಅದಕ್ಕೂ ಸೊಪ್ಪಿಗೂ ಸಂಬಂಧ ಇಲ್ಲ. ಸೊಪ್ಪಿನ ಸಾರು ಧಾರಾಳವಾಗಿ ಉಣ್ಣಲಿ, ಮಲಬದ್ಧತೆಗೂ ಒಳ್ಳೇದು, ತಿಣುಕುವುದು ತಪ್ಪುತ್ತದೆ. ಆದರೆ ಬೈಪಾಸ್ ಆದ ಕೆಲವರಿಗೆ ಎದೆಬಡಿತ ತಾಳ ತಪ್ಪಿ, ಅದಕ್ಕಾಗಿ ಕೆಲವು ಕಾಲ ರಕ್ತ ತೆಳುವಾಗಿಸುವ ಮಾತ್ರೆ ಕೊಡುವುದುಂಟು. ಅವರಿಗೆ ನಿಮ್ಮಮ್ಮನ ಮಾತ್ರೆಯನ್ನೇ ಕೊಟ್ಟಿದ್ದರೆ ನೀವು ಹೇಳಿದ್ದು ಅನ್ವಯಿಸುತ್ತದೆ. ಹಾಗಂತ ಸೊಪ್ಪು ಪೂರ್ತಿ ಬಿಡಿಸೋದಲ್ಲ, ದಿನಾ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನೋದು.

ಮೊಣಕೈ ಪಕ್ಕೆಗೆ

ನಾನು ಫಿಸಿಯೋಥೆರಪಿಸ್ಟ್. ಸಿಸ್ಟರ್ ಹೇಳಿದ್ದೆಲ್ಲ ಒಪ್ಪಿಗೆ. ಆಸ್ಪತ್ರೆಗಳಲ್ಲಿ ಹೇಳಿ ಕಳಿಸುವ ಒಂದು ಮಾತಿನ ಬಗ್ಗೆ ಮಾತ್ರ ನನ್ನದು ಬೇರೆ ಅಭಿಪ್ರಾಯ. ಎರಡು ಕೆಜಿ ಮೇಲೆ ಎತ್ತಬಾರದು, ಕೈ ಎತ್ತಬಾರದು ಅಂತ ಹೆದರಿಸಿ ಕಳಿಸಿದರೆ ಜನ ತೋಳೇ ಅಲ್ಲಾಡಿಸುವುದಿಲ್ಲ. ಒಂದು ತಿಂಗಳಿಗೆ ಭುಜ ಹಿಡಿದುಕೊಂಡು ಬರುತ್ತಾರೆ. ನಾನು ಹೇಳುವುದು ಇಷ್ಟೇ, ಮೊಣಕೈ ಪಕ್ಕೆಗೆ ಅಂಟಿಕೊಂಡಿದ್ದರೆ ಸಣ್ಣಪುಟ್ಟ ಕೆಲಸ ಮಾಡಬಹುದು. ತಲೆ ಬಾಚಿಕೊಳ್ಳಿ, ಲೋಟ ಹಿಡಿಯಿರಿ. ಕೈ ಮೈಯಿಂದ ದೂರ ಚಾಚಿ ಭಾರ ಎತ್ತಬೇಡಿ, ಒಂದೇ ಕೈಯಲ್ಲಿ ಎಳೆಯಬೇಡಿ, ನೋವಾದರೆ ನಿಲ್ಲಿಸಿ.

ನೈಟ್ ಡ್ಯೂಟಿ ಸಿಸ್ಟರ್

ನಿಮ್ಮ ಮುಂದೆ ಕೂತು ಕಲಿಯುವವರಿಗೆ ಅದು ಸರಿ. ಹಳ್ಳಿಯ ಮನೆಗೆ ಹೋಗುವ ಎಪ್ಪತ್ತರ ಅಜ್ಜನಿಗೆ ನಾನು ಒಂದು ಅಂಕಿಯನ್ನೇ ಹೇಳಿ ಕಳಿಸ್ತೀನಿ. ನೀರಿನ ಕೊಡ ಎತ್ತಿ, "ಮೊಣಕೈ ಪಕ್ಕೆಗೇ ಇತ್ತು" ಅಂದವರನ್ನು ನೋಡಿದ್ದೇನೆ.

ಮೊಣಕೈ ಪಕ್ಕೆಗೆ

ಕೊಡದ ವಿಷಯದಲ್ಲಿ ಸೋತೆ. ಆದರೂ ಅಂಕಿಯನ್ನು ಒಂದೊಂದು ಆಸ್ಪತ್ರೆ ಒಂದೊಂದು ಥರ ಹೇಳುತ್ತದೆ, ಎರಡು ಅಂತಾರೆ, ಐದು ಅಂತಾರೆ. ಪಕ್ಕಕ್ಕೆ ತಿರುಗಿ ಮಲಗುವುದೂ ಹೀಗೇ. ಕೆಲವು ಸರ್ಜನ್‌ಗಳು ಆರು ವಾರ ಬೆನ್ನ ಮೇಲೇ ಅಂತಾರೆ, ಕೆಲವರು ನೋವಿಲ್ಲದಿದ್ದರೆ ತಿರುಗಲಿ ಬಿಡಿ ಅಂತಾರೆ. ಕೊಯ್ದವರು ಹೇಳಿದ್ದನ್ನು ಕೇಳಿ. ಒಂದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ. ಕೆಮ್ಮುವಾಗಲೋ ಹೊರಳುವಾಗಲೋ ಎದೆಮೂಳೆಯಲ್ಲಿ ಕಟ್ ಕಟ್ ಅಂದರೆ, ಅಥವಾ ಅಂಗೈ ಇಟ್ಟಾಗ ಎರಡು ಹೋಳು ಜರುಗಿದ ಹಾಗೆ ಅನಿಸಿದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಅದರ ಜೊತೆ ಗಾಯದಿಂದ ನೀರೋ ಕೀವೋ ಬಂದರಂತೂ ತಡ ಮಾಡಲೇಬೇಡಿ.

ಸ್ಕೂಟಿ ಅಮ್ಮ

ನಮ್ಮ ಯಜಮಾನರಿಗೆ ಹೋದ ಸೋಮವಾರ ಸ್ಟೆಂಟ್ ಹಾಕಿದ್ರು. ಅವರೂ ದಿಂಬು ಅಪ್ಪಿಕೊಂಡು ಮಲಗಬೇಕಾ? ಇದನ್ನು ಓದಿ ಭಯ ಆಯ್ತು.

ಕಟ್ಟೆಪುರಾಣ

ಅಕ್ಕಾ, ಸ್ಟೆಂಟ್ ಅಂದ್ರೆ ಕೈಯಿಂದಲೋ ತೊಡೆಯಿಂದಲೋ ತಂತಿ ಬಿಟ್ಟು ಹಾಕಿರ್ತಾರೆ. ಎದೆ ಕೊಯ್ದಿರಲ್ಲ. ದಿಂಬು ತಲೆ ಕೆಳಗೇ ಇರಲಿ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ.

ತೆಂಗಿನಗರಿ

ಸಿಸ್ಟರ್, ಉಪ್ಪಿನಕಾಯಿ ಭಾಗದ ಬಗ್ಗೆ ನೀವು ಏನೂ ಹೇಳಲಿಲ್ಲ. ಅದು ಸರಿ ಇದೆಯಾ? ಅಜ್ಜಿ ಇವತ್ತಿಗೂ ತನ್ನಿಂದಲೇ ಹಾಗಾಯ್ತು ಅಂತ ಕೊರಗ್ತಾಳೆ.

ನೈಟ್ ಡ್ಯೂಟಿ ಸಿಸ್ಟರ್

ಅಜ್ಜಿಗೆ ಹೇಳಿ, ಎಲ್ಲ ಅವರ ತಲೆಗೆ ಕಟ್ಟಲು ಆಗಲ್ಲ. ಆಪರೇಷನ್ ಹೊತ್ತಿನಲ್ಲಿ ಮೈಗೆ ತುಂಬಾ ನೀರು ಸೇರಿರುತ್ತದೆ, ಅದು ಇಳಿಯಲು ವಾರಗಳೇ ಬೇಕು. ಎಡ ಶ್ವಾಸಕೋಶದ ಸುತ್ತ ನೀರು ನಿಲ್ಲುವುದು ಉಪ್ಪಿನಕಾಯಿ ಮುಟ್ಟದವರಲ್ಲೂ ಆಗುತ್ತದೆ. ಎದೆಬಡಿತ ತಾಳ ತಪ್ಪಿದ್ದರೂ ಹೀಗೆ ಆಗಬಹುದು, ಅದಕ್ಕೇ ಇಸಿಜಿ ತೆಗೆದಿರುವುದು. ಉಪ್ಪು ಅದಕ್ಕೆ ಸೇರಿಕೊಂಡಿತು, ಎಷ್ಟು ಪಾಲು ಅಂತ ಯಾರೂ ಹೇಳಲಾರರು. ಕಥೆಯಲ್ಲಿ ಉಪ್ಪಿನಕಾಯಿಯೇ ಕಳ್ಳ ಅನ್ನುವ ಹಾಗೆ ನಿಲ್ಲಿಸಿದ್ದೀರಿ, ಅದೊಂದು ಸ್ವಲ್ಪ ಸಡಿಲ ಮಾಡಿ.

ನನಗೆ ಹಿಡಿಸಿದ್ದು ಬೇರೆ. ರಕ್ತನಾಳ ತೆಗೆದ ಕಾಲು ಮಾತ್ರ ಊದಿದ್ದರೆ ದಿಂಬು ಇಟ್ಟು ನೋಡಬಹುದಿತ್ತು. ಎರಡೂ ಕಾಲು, ಏರಿದ ತೂಕ, ಕುರ್ಚಿಯಲ್ಲಿ ಕೂತ ರಾತ್ರಿ, ಮೂರನ್ನೂ ನೀವು ಒಟ್ಟಿಗೆ ನೋಡಿದಿರಿ. ಮಲಗಿದರೆ ಉಸಿರು ಕಟ್ಟುತ್ತದೆ ಅನ್ನುವುದನ್ನು ಹಿರಿಯರು ತಾವಾಗಿ ಹೇಳುವುದಿಲ್ಲ. "ರಾತ್ರಿ ಎಷ್ಟು ದಿಂಬು?" ಅಂತ ಕೇಳಬೇಕು.

ಒಂದು ಪ್ರಶ್ನೆ. ತಿಪಟೂರು ಅಂದಮೇಲೆ ಎಳನೀರು ಕುಡಿಸಿರಬೇಕಲ್ಲ?

ತೆಂಗಿನಗರಿ

ದಿನಕ್ಕೆ ಎರಡು! ತಂಪು ಅಂತ. ಬರೆಯಲಿಲ್ಲ ಅಷ್ಟೇ.

ನೈಟ್ ಡ್ಯೂಟಿ ಸಿಸ್ಟರ್

ಅದೂ ನೀರೇ, ದಿನದ ನೀರಿನ ಲೆಕ್ಕಕ್ಕೆ ಬರುತ್ತದೆ. ಜೊತೆಗೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಸ್ವಲ್ಪ ದುರ್ಬಲ ಇರುವವರಿಗೆ, ಅಥವಾ ಪೊಟ್ಯಾಸಿಯಂ ಏರಿಸುವ ಬಿಪಿ ಮಾತ್ರೆ ಇರುವವರಿಗೆ ಅದು ಅಪಾಯ. ಬೇರೆ ಕೆಲವರಿಗೆ ನೀರು ಇಳಿಸುವ ಮಾತ್ರೆಯಿಂದ ಪೊಟ್ಯಾಸಿಯಂ ಕಡಿಮೆಯಾಗಿ, ಡಾಕ್ಟರೇ ಎಳನೀರು ಕುಡಿಯಿರಿ ಅಂದಿರುತ್ತಾರೆ. ರಕ್ತಪರೀಕ್ಷೆ ನೋಡದೆ ಯಾವ ಕಡೆಗೂ ಹೇಳಲಾಗದು.

ದಾವಣಗೆರೆ ಟು ಡಲ್ಲಾಸ್

ನಾನಿರೋದು ಡಲ್ಲಾಸ್‌ನಲ್ಲಿ. ಅಪ್ಪಾಜಿಗೆ ಬೈಪಾಸ್ ಆಗಿ ಆರು ದಿನ, ನಾಳಿದ್ದು ದಾವಣಗೆರೆ ಮನೆಗೆ ಕಳಿಸ್ತಾರಂತೆ. ಅಮ್ಮ ಒಬ್ಬರೇ. ನಾಲ್ಕನೇ ರಾತ್ರಿ ಅತ್ತರು ಅನ್ನೋ ಸಾಲು ಓದಿ ಫೋನ್ ಕೆಳಗಿಟ್ಟೆ. ಅಪ್ಪಾಜಿ ನಿನ್ನೆ ವಿಡಿಯೋ ಕಾಲಲ್ಲಿ ಅತ್ತರು. ಅದು ಎಷ್ಟು ದಿನ ಇರುತ್ತೆ? ಮತ್ತೆ ಮನೆಯಲ್ಲಿ ಏನು ತಯಾರಿ ಮಾಡಿಸಲಿ? ನಮ್ಮದು ಹಳೇ ಮನೆ, ಇಂಡಿಯನ್ ಟಾಯ್ಲೆಟ್.

ಮೊಣಕೈ ಪಕ್ಕೆಗೆ

ಟಾಯ್ಲೆಟ್ಟೇ ಮೊದಲು ನೋಡಿ. ಕುಕ್ಕರುಗಾಲಲ್ಲಿ ಕೂತು ಏಳುವಾಗ ಗೋಡೆಯನ್ನೋ ನಲ್ಲಿಯನ್ನೋ ಹಿಡಿದು ಎಳೆಯುತ್ತಾರೆ, ಅದೇ ಬೇಡದ್ದು. ಇಂಡಿಯನ್ ಗುಂಡಿಯ ಮೇಲೆ ಇಡುವ ಕಮೋಡ್ ಕುರ್ಚಿ ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಬಾಡಿಗೆಗೂ ಕೊಡುತ್ತಾರೆ. ಎತ್ತರ ಮೊಣಕಾಲ ಮಟ್ಟಕ್ಕೆ ಇರಲಿ. ಕೂರಲಿಕ್ಕೆ ಗಟ್ಟಿ ಕುರ್ಚಿ, ತಗ್ಗಿನ ಸೋಫಾ ಬೇಡ. ಏಳುವಾಗ ಅಂಚಿಗೆ ಜರುಗಿ, ಪಾದ ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಿ, ಕಾಲಲ್ಲೇ ಏಳಬೇಕು. ಅಮ್ಮ ಎತ್ತುವ ಪ್ರಶ್ನೆಯೇ ಬರುವುದಿಲ್ಲ.

ನೈಟ್ ಡ್ಯೂಟಿ ಸಿಸ್ಟರ್

ಅಳು, ಕೆಟ್ಟ ಕನಸು, ಊಟ ಸೇರದಿರುವುದು ತುಂಬಾ ಜನಕ್ಕೆ ಆಗುತ್ತದೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿಯದೆ ಮಂಕು ಹಾಗೇ ಮುಂದುವರಿದರೆ, ಮಾತ್ರೆ ಬೇಡ ಊಟ ಬೇಡ ಅಂದರೆ, ಚೆಕಪ್‌ನಲ್ಲಿ ಹೇಳಿ. ಬದುಕೇ ಬೇಡ ಅನ್ನುವ ಮಾತು ಬಂದರೆ ಚೆಕಪ್‌ವರೆಗೆ ಕಾಯಬೇಡಿ. ದಿಕ್ಕು ತಪ್ಪಿದ ಹಾಗೆ ಮಾತಾಡಿದರೆ, ಹೊತ್ತು ಜಾಗ ಗುರುತು ಸಿಗದಿದ್ದರೆ ಅದು ಬೇರೆ, ಅವತ್ತೇ ತೋರಿಸಬೇಕು. ಮಾತು ತೊದಲಿದರೆ, ಒಂದು ಕಡೆ ಕೈಕಾಲು ಬಲ ಹೋದರೆ, ಕೂತಲ್ಲೇ ಉಸಿರು ಸಾಲದಿದ್ದರೆ ಫೋನ್ ಮಾಡಿ ಕಾಯುವುದೂ ಬೇಡ, 108 ಕರೆಯಿರಿ. ಅಮ್ಮನ ಹತ್ತಿರ ಆಸ್ಪತ್ರೆಯ ನಂಬರ್ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. 100.4ಕ್ಕಿಂತ ಜ್ವರ ಏರಿದರೂ ಅದೇ ನಂಬರಿಗೆ. ಬರುವ ನೆಂಟರಿಗೆ ಮೊದಲ ವಾರ ಫೋನಿನಲ್ಲೇ ಮಾತಾಡಿ ಅನ್ನಿ.

ದಾವಣಗೆರೆ ಟು ಡಲ್ಲಾಸ್

ಕಮೋಡ್ ಕುರ್ಚಿಗೆ ತಮ್ಮನನ್ನು ಓಡಿಸಿದೆ. ತೂಕದ ಮಿಷನ್ ನಾನೇ ಆರ್ಡರ್ ಮಾಡ್ತಿದ್ದೇನೆ. ಡಿಜಿಟಲ್ಲೇ ಬೇಕಾ, ಮುಳ್ಳಿಂದು ಆಗುತ್ತಾ? ಅಮ್ಮನಿಗೆ ಮುಳ್ಳಿಂದು ಅಭ್ಯಾಸ.

ತೆಂಗಿನಗರಿ

ಡಿಜಿಟಲ್ ತಗೊಳ್ಳಿ, ಮುಳ್ಳಿಂದರಲ್ಲಿ ಅರ್ಧ ಕೆಜಿ ಕಾಣಿಸೋದಿಲ್ಲ. ಬೆಳಿಗ್ಗೆ ಎದ್ದು ಮೂತ್ರ ಮಾಡಿ ಬಂದ ಮೇಲೆ, ಕಾಫಿಗೆ ಮುಂಚೆ, ಅದೇ ಪಂಚೆಯಲ್ಲಿ. ಮಿಷನ್ನು ಸಮನಾದ ನೆಲದ ಮೇಲೆ ಇಡಿಸಿ, ಒಂದೇ ಜಾಗದಲ್ಲಿ ಇರಲಿ. ನಮ್ಮದು ಮೊದಲ ದಿನ ಚಾಪೆ ಮೇಲಿತ್ತು, ಎರಡು ಸಲ ಹತ್ತಿದರೆ ಎರಡು ತೂಕ ತೋರಿಸ್ತು. ಅಮ್ಮ ಅಂಕಿ ನೋಡಿ ನಿಮಗೆ ಫೋಟೋ ಕಳಿಸಲಿ, ಅಲ್ಲಿ ನಿಮಗೆ ರಾತ್ರಿ ಇರುತ್ತೆ, ಎದ್ದಿರ್ತೀರಲ್ಲ.